ಒಂದು ಕಡೆ ಆಫರ್ ಬಂದಿದೆ, ಶುಕ್ರವಾರ ಕೊನೆ ದಿನ. ಇನ್ನೊಂದು ಕಂಪನಿಗೆ ಇದನ್ನು ಹೇಳಬೇಕಾ?

ಮಂಡ್ಯದ_ಹೈದ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬ್ಯಾಕೆಂಡ್ ಡೆವಲಪರ್ ಆಗಿದ್ದೇನೆ, 5 ವರ್ಷದ ಅನುಭವ. ಈಗಿನ ಕಂಪನಿಯಲ್ಲಿ ನೋಟಿಸ್ ಪೀರಿಯಡ್ 60 ದಿನ. ಇನ್ನೂ ರಾಜೀನಾಮೆ ಕೊಟ್ಟಿಲ್ಲ.

ಒಂದು ಕಂಪನಿಯಿಂದ ಇವತ್ತು ಆಫರ್ ಲೆಟರ್ ಬಂತು. ಶುಕ್ರವಾರ ಸಂಜೆ 6ರೊಳಗೆ ಒಪ್ಪಿಗೆ ಕೊಡಬೇಕು ಅಂತ ಲೆಟರ್‌ನಲ್ಲೇ ಇದೆ. ಸಂಬಳ ಪರವಾಗಿಲ್ಲ. ಆದರೆ ನನಗೆ ನಿಜವಾಗಿ ಬೇಕಾಗಿರುವುದು ಇನ್ನೊಂದು ಕಂಪನಿ. ಅಲ್ಲಿ ಕೊನೆ ರೌಂಡ್, ಅಂದರೆ ಮ್ಯಾನೇಜರ್ ಜೊತೆಗಿನ ಮಾತುಕತೆ, ಕಳೆದ ಗುರುವಾರ ಮುಗಿಯಿತು. ಚೆನ್ನಾಗಿಯೇ ಆಯ್ತು. ಅಲ್ಲಿಂದ ಈಚೆಗೆ ಎಚ್‌ಆರ್ ಕಡೆಯಿಂದ ಸದ್ದೇ ಇಲ್ಲ.

"ನನಗೆ ಬೇರೆ ಆಫರ್ ಇದೆ, ಶುಕ್ರವಾರದೊಳಗೆ ಹೇಳಿ" ಅಂದರೆ ಹೆದರಿಸುತ್ತಿದ್ದಾನೆ ಅಂದುಕೊಂಡು ಕೈಬಿಡುತ್ತಾರಾ? ಸುಮ್ನೆ ಕಾಯುವುದೇ ವಾಸಿನಾ? ತಿಳಿದವರು ಹೇಳಿ.

---

ಜಯನಗರ_4ನೇ_ಬ್ಲಾಕ್ · ಸೋಮವಾರ, ರಾತ್ರಿ 10:05

ಬೇರೆ ಕಂಪನಿ ಆಫರ್ ತೋರಿಸಿ ಸಂಬಳ ಜಾಸ್ತಿ ಮಾಡಿಸಿಕೊಳ್ಳಬೇಡಿ. ನಮ್ಮ ಟೀಮಿನಲ್ಲಿ ಒಬ್ಬರು ಹಾಗೆ ಮಾಡಿ ಉಳಿದುಕೊಂಡರು. ಮುಂದಿನ ಅಪ್ರೈಸಲ್‌ನಲ್ಲಿ ಅವರಿಗೆ ಏನೂ ಸಿಗಲಿಲ್ಲ. ಹೋಗುವ ಮನಸ್ಸಿದ್ದರೆ ಹೋಗಿಬಿಡಿ.

---

ಮಂಡ್ಯದ_ಹೈದ · ಸೋಮವಾರ, ರಾತ್ರಿ 10:12

ಸರ್, ಈಗಿರುವ ಕಂಪನಿಗಲ್ಲ. ಅವರಿಗೆ ಏನೂ ಗೊತ್ತಿಲ್ಲ. ನಾನು ಕೇಳುತ್ತಿರುವುದು ಇಂಟರ್‌ವ್ಯೂ ಮುಗಿಸಿ ಉತ್ತರಕ್ಕೆ ಕಾಯುತ್ತಿರುವ ಕಂಪನಿ ಬಗ್ಗೆ.

---

ನೇಮಕಾತಿ_ಅಕ್ಕ · ಸೋಮವಾರ, ರಾತ್ರಿ 10:50

ಹೇಳಿ. ನಾಳೆ ಬೆಳಗ್ಗೆಯೇ ಹೇಳಿ. ನಾನು ಬಹಳ ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ರಿಕ್ರೂಟರ್ ಆಗಿ ಶುರುಮಾಡಿ ಈಗ ಒಂದು ಟೀಮ್ ನೋಡಿಕೊಳ್ಳುತ್ತೇನೆ. ಈ ಕಡೆ ಏನು ನಡೆಯುತ್ತೆ ಅಂತ ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತೆ.

ಕೊನೆ ರೌಂಡ್ ಮುಗಿದ ಮೇಲೆ ನಿಮ್ಮ ಫೈಲ್ ನಿಲ್ಲುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು ಫೀಡ್‌ಬ್ಯಾಕ್. ನಿಮ್ಮನ್ನು ಇಂಟರ್‌ವ್ಯೂ ಮಾಡಿದ ಪ್ರತಿಯೊಬ್ಬರೂ ಸಿಸ್ಟಮ್‌ನಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಒಬ್ಬರು ರಜೆ ಹಾಕಿರುತ್ತಾರೆ, ಇನ್ನೊಬ್ಬರಿಗೆ ರಿಲೀಸ್ ಇರುತ್ತೆ. ಎಲ್ಲರದ್ದೂ ಬರುವ ತನಕ ರಿಕ್ರೂಟರ್ ಮುಂದೆ ಹೋಗುವ ಹಾಗಿಲ್ಲ. ಅವರ ಕೈಯಲ್ಲಿ ಇನ್ನೂ ಹತ್ತಾರು ಪೊಸಿಷನ್ ಇರುತ್ತೆ. ಯಾರೂ ಕೇಳದಿದ್ದರೆ ನಿಮ್ಮ ಫೈಲ್ ಹಾಗೇ ಕೂತಿರುತ್ತೆ.

ಎರಡನೆಯದು ಸಂಬಳದ ಅಪ್ರೂವಲ್. "ತಗೊಳ್ಳೋಣ" ಅಂತ ತೀರ್ಮಾನವಾದ ಮೇಲೆ ನಿಮ್ಮ ಪೇಸ್ಲಿಪ್ ನೋಡಿ ಒಂದು ಮೊತ್ತ ಹಾಕುತ್ತಾರೆ. ಅದು ಮ್ಯಾನೇಜರ್, ಅವರ ಮೇಲಿನವರು, ಫೈನಾನ್ಸ್ ಅಂತ ಮೇಲೆ ಹೋಗುತ್ತೆ. ಇದಕ್ಕೆ ರಿಕ್ರೂಟರ್ ಏನೂ ಮಾಡಲಾಗದು, ಜ್ಞಾಪಿಸಬಹುದು ಅಷ್ಟೇ.

ನಿಮ್ಮ ಗಡುವು ಮೊದಲನೆಯದನ್ನು ಖಂಡಿತ ಬಿಡಿಸುತ್ತೆ. "ಕ್ಯಾಂಡಿಡೇಟ್‌ಗೆ ಶುಕ್ರವಾರ ಕೊನೆ" ಅಂತ ನಾನು ಪ್ಯಾನೆಲ್‌ಗೆ ಮೆಸೇಜ್ ಹಾಕಿದರೆ ಮಧ್ಯಾಹ್ನದೊಳಗೆ ಫೀಡ್‌ಬ್ಯಾಕ್ ಬಂದಿರುತ್ತೆ. ಎರಡನೆಯದು ಕಂಪನಿ ಮೇಲೆ ಹೋಗುತ್ತೆ. ಅದಕ್ಕೇ "ಶುಕ್ರವಾರದೊಳಗೆ ಆಫರ್ ಲೆಟರ್ ಕೊಡಿ" ಅಂತ ಕೇಳಬೇಡಿ. "ಬುಧವಾರದೊಳಗೆ ನಿಮ್ಮ ತೀರ್ಮಾನ ತಿಳಿಸಲು ಆಗುತ್ತಾ, ಲೆಟರ್ ಯಾವಾಗ ಬರಬಹುದು" ಅಂತ ಬೇರೆ ಬೇರೆ ಮಾಡಿ ಕೇಳಿ. ಮೊದಲನೇದಕ್ಕೆ ಅವರು ಹೂಂ ಅನ್ನಬಹುದು. ಎರಡನೇದಕ್ಕೆ ನಿಜವಾದ ತಾರೀಖು ಹೇಳುತ್ತಾರೆ. ಆ ತಾರೀಖು ಸಿಕ್ಕರೆ ಮೊದಲ ಕಂಪನಿ ಹತ್ತಿರ ಎಷ್ಟು ದಿನ ಕೇಳಬೇಕು ಅಂತ ನಿಮಗೆ ಗೊತ್ತಾಗುತ್ತೆ.

---

ಹುಬ್ಬಳ್ಳಿ_ಮಂದಿ · ಸೋಮವಾರ, ರಾತ್ರಿ 11:20

ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳುವುದು ಯಾಕ್ರೀ? ಮೊದಲನೇದಕ್ಕೆ ಶುಕ್ರವಾರ ಒಪ್ಪಿಗೆ ಕೊಡ್ರಿ. ನೋಟಿಸ್ 60 ದಿನ ಐತಿ. ಅಷ್ಟರಾಗ ಎರಡನೇದು ಬಂದರೆ ಅಲ್ಲಿಗೆ ಹೋಗ್ರಿ. ಬೆಂಗಳೂರಾಗ ಎಲ್ಲಾರೂ ಮಾಡೋದು ಇದನ್ನ. ಸೇರಲಿಲ್ಲ ಅಂತ ಯಾರೂ ಕೇಸ್ ಹಾಕಂಗಿಲ್ಲ. ಎರಡನೇ ಕಂಪನಿಗೆ ಏನೂ ಹೇಳೋದೇ ಬ್ಯಾಡ.

---

ವಕೀಲರ_ಮನೆ · ಮಂಗಳವಾರ, ಬೆಳಗ್ಗೆ 6:55

ಹುಬ್ಬಳ್ಳಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಕೆಲಸಕ್ಕೆ ಸೇರು ಅಂತ ಕೋರ್ಟ್ ಯಾರನ್ನೂ ಬಲವಂತ ಮಾಡುವುದಿಲ್ಲ. ಆದರೆ ಸಹಿ ಮಾಡುವ ಮೊದಲು ಲೆಟರ್ ಪೂರ್ತಿ ಓದಿ. ಜಾಯಿನಿಂಗ್ ಬೋನಸ್ ಮುಂಗಡ ಕೊಟ್ಟರೆ, ನೋಟಿಸ್ ಬೈಔಟ್ ಹಣ ಕಟ್ಟಿದರೆ, ಸೇರದಿದ್ದಾಗ ವಾಪಸ್ ಕೊಡಬೇಕು ಅಂತ ಬರೆದಿರುತ್ತಾರೆ. ಆ ಹಣ ಅವರು ಕೇಳಿಯೇ ಕೇಳುತ್ತಾರೆ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಶುಕ್ರವಾರದ ತನಕ ಆಫರ್ ನಿಮ್ಮದೇ ಅಂತ ನಿಶ್ಚಿಂತೆಯಿಂದ ಇರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ನೀವು ಒಪ್ಪಿಗೆ ಕಳಿಸುವ ಮೊದಲು ಅವರು ಆಫರ್ ವಾಪಸ್ ತೆಗೆದುಕೊಳ್ಳಬಹುದು. 6ನೇ ಸೆಕ್ಷನ್ ಪ್ರಕಾರ, ಹೇಳಿದ ಸಮಯ ಮೀರಿದರೆ ಆಫರ್ ತಾನಾಗಿಯೇ ಮುಗಿಯುತ್ತೆ. ಅಂದರೆ ಶುಕ್ರವಾರ 6 ಗಂಟೆ ಕಳೆದ ಮೇಲೆ "ಒಪ್ಪಿದ್ದೇನೆ" ಅಂತ ಕಳಿಸಿದರೆ ಅವರು ಒಪ್ಪಲೇಬೇಕು ಅಂತೇನಿಲ್ಲ. ಗಡುವು ಮುಂದಕ್ಕೆ ಹಾಕಿಸಿಕೊಂಡರೆ ಮೇಲ್‌ನಲ್ಲಿ ಹಾಕಿಸಿಕೊಳ್ಳಿ. ಫೋನಿನಲ್ಲಿ "ಆಯ್ತು ಬಿಡಿ" ಅಂದಿದ್ದನ್ನು ನಂಬಿ ಕೂರಬೇಡಿ.

---

ನೇಮಕಾತಿ_ಅಕ್ಕ · ಮಂಗಳವಾರ, ಬೆಳಗ್ಗೆ 7:30

ಹುಬ್ಬಳ್ಳಿ ಸರ್, ನೀವು ಹೇಳಿದ ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಪ್ಪುತ್ತೇನೆ. ಅದರಿಂದಲೇ ಇಲ್ಲಿ ಒಂದು ತೊಂದರೆ ಹುಟ್ಟಿದೆ. ಆಫರ್ ತೆಗೆದುಕೊಂಡು ಸೇರದೇ ಇರುವವರನ್ನು ನೋಡಿ ನೋಡಿ ರಿಕ್ರೂಟರ್‌ಗಳು ಸುಸ್ತಾಗಿದ್ದಾರೆ. "ಬೇರೆ ಆಫರ್ ಇದೆ" ಅಂದ ಕೂಡಲೇ ಇಲ್ಲಿ ಮೊದಲು ಬರುವ ಯೋಚನೆ "ಇವರನ್ನು ಬೇಗ ಹಿಡಿಯೋಣ" ಅಂತಲ್ಲ. "ನಮ್ಮ ಲೆಟರ್ ಹಿಡಿದುಕೊಂಡು ಮೂರನೇ ಕಡೆ ಹೋಗುತ್ತಾರಾ" ಅಂತ. ಆ ಅನುಮಾನ ಬಂದರೆ ಅಪ್ರೂವಲ್‌ಗೆ ಓಡಾಡುವ ಉತ್ಸಾಹ ಯಾರಿಗೂ ಇರೋದಿಲ್ಲ.

ಆದ್ದರಿಂದ ಗಡುವಿನ ಜೊತೆಗೆ ಇನ್ನೊಂದು ಮಾತು ಸೇರಿಸಬೇಕು. ನಿಮಗೆ ಈ ಕೆಲಸವೇ ಯಾಕೆ ಬೇಕು, ಏನು ಸಿಕ್ಕರೆ ನೀವು ಹೂಂ ಅನ್ನುತ್ತೀರಿ. "ಮೊದಲೇ ಮಾತಾಡಿದ ಸಂಬಳದಲ್ಲೇ ಆಫರ್ ಬಂದರೆ ನಾನು ಒಪ್ಪಿ ಅದೇ ದಿನ ರಾಜೀನಾಮೆ ಕೊಡುತ್ತೇನೆ." ಈ ಒಂದು ಸಾಲು ಇದ್ದರೆ ರಿಕ್ರೂಟರ್ ಅದನ್ನು ಹಾಗೇ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುತ್ತಾರೆ. ಆದರೆ ನಿಜವಾಗಿ ಮಾಡುವುದಾದರೆ ಮಾತ್ರ ಬರೆಯಿರಿ.

---

ಮಂಡ್ಯದ_ಹೈದ · ಮಂಗಳವಾರ, ಬೆಳಗ್ಗೆ 8:10

ಅಕ್ಕ, ತುಂಬಾ ಉಪಕಾರ ಆಯ್ತು. ಯಾರಿಗೆ ಬರೆಯಬೇಕು, ಎಚ್‌ಆರ್‌ಗಾ ಮ್ಯಾನೇಜರ್‌ಗಾ? ಆ ಕಂಪನಿ ಹೆಸರು, ಅವರು ಕೊಟ್ಟ ಮೊತ್ತ ಹೇಳಬೇಕಾ?

---

ನೇಮಕಾತಿ_ಅಕ್ಕ · ಮಂಗಳವಾರ, ಬೆಳಗ್ಗೆ 8:35

ರಿಕ್ರೂಟರ್‌ಗೆ. ಮೊದಲು ಮೇಲ್, ಒಂದು ಗಂಟೆ ಬಿಟ್ಟು ಫೋನ್. ಮ್ಯಾನೇಜರ್‌ಗೆ ನೇರವಾಗಿ ಬರೆದರೆ ರಿಕ್ರೂಟರ್‌ಗೆ ಬೇಜಾರಾಗುತ್ತೆ, ಕೊನೆಗೆ ನಿಮ್ಮ ಫೈಲ್ ಓಡಿಸಬೇಕಾದವರು ಅವರೇ. ಒಂದು ಪೂರ್ತಿ ದಿನ ಉತ್ತರ ಬರದಿದ್ದರೆ ಮಾತ್ರ ಮ್ಯಾನೇಜರ್‌ಗೆ, ರಿಕ್ರೂಟರ್‌ನ ಕಾಪಿಯಲ್ಲಿಟ್ಟು.

ಮೇಲ್ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಸಾರ ಹೀಗಿರಲಿ:

"ನಮಸ್ಕಾರ. ಕಳೆದ ಗುರುವಾರದ ಮಾತುಕತೆಗೆ ಧನ್ಯವಾದ. ಪೇಮೆಂಟ್ಸ್ ತಂಡದ ಕೆಲಸದ ಬಗ್ಗೆ ಕೇಳಿದ ಮೇಲೆ ಇಲ್ಲಿಗೇ ಸೇರಬೇಕು ಅನ್ನಿಸಿದೆ. ನನಗೆ ಇನ್ನೊಂದು ಕಡೆಯಿಂದ ಲಿಖಿತ ಆಫರ್ ಬಂದಿದೆ. ಈ ಶುಕ್ರವಾರ ಸಂಜೆ 6ರೊಳಗೆ ಉತ್ತರ ಕೊಡಬೇಕು. ನನ್ನ ಮೊದಲ ಆಯ್ಕೆ ನೀವೇ. ಬುಧವಾರದೊಳಗೆ ನಿಮ್ಮ ತೀರ್ಮಾನ ತಿಳಿಯಲು ಸಾಧ್ಯವೇ? ಆಯ್ಕೆಯಾಗಿದ್ದರೆ ಲೆಟರ್ ಯಾವಾಗ ಬರಬಹುದು ಅಂತ ತಿಳಿಸಿದರೆ, ಅಲ್ಲಿ ಸ್ವಲ್ಪ ಸಮಯ ಕೇಳಿಕೊಳ್ಳುತ್ತೇನೆ. ನನ್ನಿಂದ ಯಾವ ದಾಖಲೆ ಬೇಕಿದ್ದರೂ ಇವತ್ತೇ ಕಳಿಸುತ್ತೇನೆ."

ಹೆಸರು, ಮೊತ್ತ ಬರೆಯಬೇಡಿ. ಬರೆದರೆ ಸಮಯದ ಮಾತು ಸಂಬಳದ ಮಾತಾಗಿಬಿಡುತ್ತೆ. ಅವರೇ ಕೇಳಿದರೆ ಮೊತ್ತ ಹೇಳಬಹುದು. ಲೆಟರ್ ತೋರಿಸಿ ಅಂದರೆ, ಗೋಪ್ಯವಾಗಿಡಬೇಕು ಅಂತ ಅದರಲ್ಲಿದೆಯಾ ನೋಡಿ. ಇದ್ದರೆ ಹಾಗೇ ಹೇಳಿ. ಇಲ್ಲದಿದ್ದರೆ ಕಂಪನಿ ಹೆಸರು ಮುಚ್ಚಿ ತಾರೀಖಿನ ಭಾಗ ಕಾಣುವ ಹಾಗೆ ಕಳಿಸಿದರೆ ಸಾಕು.

ಪೇಸ್ಲಿಪ್, ಫಾರ್ಮ್ 16 ರೆಡಿ ಇಟ್ಟುಕೊಳ್ಳಿ. ಅಭ್ಯರ್ಥಿ ದಾಖಲೆ ಕಳಿಸಲು ತಡ ಮಾಡಿ ಅಪ್ರೂವಲ್ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

---

ಉಡುಪಿ_ಲೆಕ್ಚರರ್ · ಮಂಗಳವಾರ, ಬೆಳಗ್ಗೆ 9:15

ನಮ್ಮ ಕ್ಷೇತ್ರದಲ್ಲಿ ಇದು ನಡೆಯುವುದಿಲ್ಲ ಮಾರಾಯ್ರೆ. ಖಾಸಗಿ ಎಂಜಿನಿಯರಿಂಗ್ ಕಾಲೇಜು. ಒಂದು ಕಡೆ ಸಂದರ್ಶನ ಆಗಿತ್ತು, ಇನ್ನೊಂದು ಕಡೆಯಿಂದ "ನಾಳೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬನ್ನಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ" ಅಂತ ಫೋನ್ ಬಂತು. ಲೆಟರ್ ಇಲ್ಲ, ಬರಿ ಬಾಯಿಮಾತು. ಮೊದಲ ಕಾಲೇಜಿನ ಪ್ರಿನ್ಸಿಪಾಲರಿಗೆ ಹೇಳಿದೆ. "ಮ್ಯಾನೇಜ್‌ಮೆಂಟ್ ಮೀಟಿಂಗ್ ತಿಂಗಳ ಕೊನೆಗೆ, ನನ್ನ ಕೈಯಲ್ಲಿಲ್ಲ" ಅಂದರು. ಸೆಮಿಸ್ಟರ್ ಶುರುವಾಗುವ ಸಮಯ. ಕಾಯುವ ಧೈರ್ಯ ಬರಲಿಲ್ಲ, ಎರಡನೆಯದಕ್ಕೇ ಸೇರಿದೆ. ಒರಿಜಿನಲ್ ಮಾತ್ರ ಕೊಡಲಿಲ್ಲ, ತೋರಿಸಿ ವಾಪಸ್ ತಂದೆ.

---

ನೇಮಕಾತಿ_ಅಕ್ಕ · ಮಂಗಳವಾರ, ಬೆಳಗ್ಗೆ 9:40

ಸರ್, ನಿಮ್ಮ ಪ್ರಿನ್ಸಿಪಾಲರು ನಿಜ ಹೇಳಿದ್ದಾರೆ. ತೀರ್ಮಾನ ಮಾಡುವವರು ತಿಂಗಳಿಗೊಮ್ಮೆ ಸೇರುವ ಕಡೆ ನಮ್ಮ ಗಡುವಿನಿಂದ ಏನೂ ಆಗದು. ಸರ್ಕಾರಿ ನೇಮಕಾತಿಯೂ ಹಾಗೇ, ಆಯ್ಕೆ ಪಟ್ಟಿ ಯಾರಿಗಾಗಿಯೂ ಬೇಗ ಬರುವುದಿಲ್ಲ. ಆದರೂ ಕೇಳಿದ್ದರಿಂದ ಮೀಟಿಂಗ್ ಯಾವಾಗ ಅಂತ ನಿಮಗೆ ತಿಳಿಯಿತು. ಅದು ತಿಳಿಯದೆ ಕಾದಿದ್ದರೆ ಎರಡೂ ಹೋಗುತ್ತಿತ್ತು.

---

ಟೆಕ್ಸಾಸ್_ಕನ್ನಡಿಗ · ಮಂಗಳವಾರ, ಬೆಳಗ್ಗೆ 10:20

ಇಲ್ಲಿ ಅಮೆರಿಕದಲ್ಲಿ ಇದು ತೀರಾ ಮಾಮೂಲು. ರಿಕ್ರೂಟರ್ ತಾನೇ ಮೊದಲ ಕರೆಯಲ್ಲಿ "ಬೇರೆ ಕಡೆ ಗಡುವು ಏನಾದರೂ ಇದೆಯಾ" ಅಂತ ಕೇಳುತ್ತಾರೆ. ನೋಟಿಸ್ ಸಾಮಾನ್ಯವಾಗಿ ಎರಡು ವಾರ, ಅದಕ್ಕೇ ಎಲ್ಲರಿಗೂ ಅವಸರ. ಎಚ್-1ಬಿಯಲ್ಲಿರುವವರು ಕೆಲಸ ಕಳೆದುಕೊಂಡಿದ್ದರೆ 60 ದಿನದ ಗ್ರೇಸ್ ಪೀರಿಯಡ್ ಬೇರೆ ತಲೆ ಮೇಲೆ. ಅಂಥವರು ಗಡುವು ಹೇಳಲು ಹಿಂದೆಮುಂದೆ ನೋಡುವುದೇ ಇಲ್ಲ.

ಬೆಂಗಳೂರಿನಲ್ಲಿ "ನಿಮಗೆ 60 ದಿನ ನೋಟಿಸ್ ಇದೆಯಲ್ಲ, ಈಗ ಯಾಕೆ ಅವಸರ" ಅನ್ನುವುದಿಲ್ಲವೇ?

---

ನೇಮಕಾತಿ_ಅಕ್ಕ · ಮಂಗಳವಾರ, ಬೆಳಗ್ಗೆ 10:45

ಅನ್ನುತ್ತಾರೆ! ಒಳ್ಳೆ ಪಾಯಿಂಟ್. ಅದಕ್ಕೆ ಉತ್ತರ ಸಿದ್ಧವಿರಲಿ: "ಗಡುವು ಸೇರುವುದಕ್ಕಲ್ಲ, ಒಪ್ಪಿಗೆಗೆ. ಒಪ್ಪಿದ ದಿನವೇ ನಾನು ರಾಜೀನಾಮೆ ಕೊಡಬೇಕು, ಆಮೇಲೆ ಮಾತು ಬದಲಿಸಲು ಇಷ್ಟವಿಲ್ಲ." ಅವರ ಲೆಕ್ಕದಲ್ಲೂ ಇದು ಲಾಭವೇ. ನೀವು ಒಂದು ವಾರ ಮುಂಚೆ ರಾಜೀನಾಮೆ ಕೊಟ್ಟರೆ ಒಂದು ವಾರ ಮುಂಚೆ ಸೇರುತ್ತೀರಿ.

---

ಕೋರಮಂಗಲ_ಪ್ಯಾನೆಲ್ · ಮಂಗಳವಾರ, ಮಧ್ಯಾಹ್ನ 1:10

ನಾನು ಇಂಟರ್‌ವ್ಯೂ ಮಾಡುವ ಕಡೆಯವನು. ಒಂದು ಎಚ್ಚರಿಕೆ. ಇಲ್ಲದ ಗಡುವು ಹೇಳಬೇಡಿ. ನಮ್ಮಲ್ಲಿ ಒಬ್ಬ ಅಭ್ಯರ್ಥಿ ನಾಳೆ ಕೊನೆ ದಿನ ಅಂದರು. ಎಲ್ಲ ಬಿಟ್ಟು ಆ ಸಂಜೆಯೇ ಕೂತು ತೀರ್ಮಾನ ಮಾಡಿದೆವು. ಎಚ್‌ಆರ್ ಲೆಟರ್‌ನ ತಾರೀಖು ಮಾತ್ರ ತೋರಿಸಿ ಅಂದಾಗ "ಇನ್ನೂ ಬಾಯಿಮಾತಿನಲ್ಲಿದೆ" ಅಂದರು. ಅಪ್ರೂವಲ್ ಅಲ್ಲೇ ನಿಂತಿತು. ಅವರಿಗೆ ಕೆಲಸ ಗೊತ್ತಿಲ್ಲ ಅಂತಲ್ಲ, ನಂಬಿಕೆ ಹೋಗಿದ್ದಕ್ಕೆ.

ನಿಜವಾದ ಗಡುವು ಶುಕ್ರವಾರ ಇದ್ದಾಗ "ಗುರುವಾರದೊಳಗೆ ತಿಳಿಸಿ" ಅಂತ ಕೇಳುವುದು ಬೇರೆ. ಅದು ಸುಳ್ಳಲ್ಲ, ಯೋಚಿಸಲು ನಿಮಗೂ ಒಂದು ದಿನ ಬೇಕಲ್ವಾ.

---

ಹುಬ್ಬಳ್ಳಿ_ಮಂದಿ · ಮಂಗಳವಾರ, ಮಧ್ಯಾಹ್ನ 2:00

ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಏನು ಮಾಡಬೇಕ್ರೀ ಅಕ್ಕಾರ? ನನ್ನ ತಮ್ಮಂದು ಹಂಗೇ ಐತಿ.

---

ನೇಮಕಾತಿ_ಅಕ್ಕ · ಮಂಗಳವಾರ, ಮಧ್ಯಾಹ್ನ 2:25

ಆಗ ಕನ್ಸಲ್ಟೆಂಟ್‌ಗೇ ಹೇಳಬೇಕು, ಆದರೆ ಬರೆದು. ಅವರ ಕಮಿಷನ್ ನಿಮ್ಮ ತಮ್ಮ ಸೇರಿದ ಮೇಲೆ ಬರುವುದು. ಹಾಗಾಗಿ ಅಲ್ಲಿ ಹೇಳುವಾಗ ಸ್ವಲ್ಪ ಖಾರ ಹಾಕಿ ಹೇಳುವುದುಂಟು, "ಇವತ್ತೇ ಕೊಡದಿದ್ದರೆ ಹೋಗಿಬಿಡುತ್ತಾರೆ" ಅಂತ. ಇತ್ತ ನಿಮಗೆ "ಆಫರ್ ಖಚಿತ, ಅದನ್ನು ಬಿಟ್ಟುಬಿಡಿ" ಅನ್ನುವುದೂ ಉಂಟು. ಮೇಲ್‌ನಲ್ಲಿ ಬರೆದು, ಹಾಗೇ ಫಾರ್ವರ್ಡ್ ಮಾಡಿ ಅಂತ ಕೇಳಿ. ಕಂಪನಿಯ ಇಮೇಲ್ ಐಡಿಯಿಂದ ಉತ್ತರ ಬರುವ ತನಕ ಯಾವುದನ್ನೂ ಬಿಡಬೇಡಿ.

---

ಮಂಡ್ಯದ_ಹೈದ · ಬುಧವಾರ, ಸಂಜೆ 7:30

ಆಗಿದ್ದು ಹೇಳುತ್ತೇನೆ. ನಿನ್ನೆ ಬೆಳಗ್ಗೆಯೇ ಮೇಲ್ ಹಾಕಿ ಆಮೇಲೆ ಫೋನ್ ಮಾಡಿದೆ. ಅಕ್ಕ ಹೇಳಿದ್ದೇ ಆಗಿತ್ತು. ಎರಡನೇ ರೌಂಡ್ ಮಾಡಿದವರು ಫೀಡ್‌ಬ್ಯಾಕ್ ಹಾಕಿರಲಿಲ್ಲವಂತೆ. ನಿನ್ನೆ ಸಂಜೆ ಹಾಕಿಸಿದರು. ಇವತ್ತು ಮಧ್ಯಾಹ್ನ ಕರೆ ಬಂತು, ಆಯ್ಕೆಯಾಗಿದೆ ಅಂದರು. ಸಂಬಳದ ಮಾತೂ ಆಯ್ತು, ನನಗೆ ಒಪ್ಪಿಗೆ.

ಸಮಸ್ಯೆ ಈಗ ಬಂದಿದೆ. ಲೆಟರ್ ಮುಂದಿನ ಮಂಗಳವಾರ ಅಂತೆ, ಒಬ್ಬರ ಅಪ್ರೂವಲ್ ಬಾಕಿ. ಮೊದಲ ಕಂಪನಿಗೆ "ಮನೆಯಲ್ಲಿ ಮಾತಾಡಿ ತೀರ್ಮಾನ ಮಾಡಲು ಬುಧವಾರದ ತನಕ ಸಮಯ ಕೊಡಿ" ಅಂತ ಕೇಳಿದೆ. ಸೋಮವಾರ ಮಧ್ಯಾಹ್ನ 12ರ ತನಕ ಮಾತ್ರ ಅಂದರು. ವಕೀಲರು ಹೇಳಿದ ಹಾಗೆ ಮೇಲ್‌ನಲ್ಲಿ ಹಾಕಿಸಿಕೊಂಡೆ. ನಡುವೆ ಒಂದು ದಿನದ ಅಂತರ ಉಳಿದಿದೆ. ಏನು ಮಾಡಲಿ?

---

ನೇಮಕಾತಿ_ಅಕ್ಕ · ಬುಧವಾರ, ರಾತ್ರಿ 8:15

ಹೊಸ ಗಡುವನ್ನು ಈಗಲೇ ರಿಕ್ರೂಟರ್‌ಗೆ ತಿಳಿಸಿ. "ಸೋಮವಾರ 12ರ ತನಕ ಮಾತ್ರ ಸಿಕ್ಕಿದೆ, ಅಷ್ಟರೊಳಗೆ ಲೆಟರ್ ಆಗದಿದ್ದರೆ ಅಪ್ರೂವಲ್ ಆಗಿದೆ ಅಂತ ಮೇಲ್ ಕೊಡಲು ಆಗುತ್ತಾ" ಅಂತ ಕೇಳಿ. ಆ ಮೇಲ್‌ನಲ್ಲಿ ಹುದ್ದೆ, ಸಂಬಳದ ಫಿಕ್ಸೆಡ್ ಮತ್ತು ವೇರಿಯಬಲ್ ಬೇರೆ ಬೇರೆಯಾಗಿ, ಸೇರುವ ದಿನ ಇಷ್ಟು ಇರಲಿ.

ಬಂದ ಮೇಲ್ ಗಮನವಿಟ್ಟು ಓದಿ. "ಅಪ್ರೂವಲ್ ಆದರೆ ಕೊಡುತ್ತೇವೆ" ಅಂತಿದ್ದರೆ ಅದಕ್ಕೆ ಬೆಲೆ ಇಲ್ಲ. ಕೊನೆ ಗಳಿಗೆಯಲ್ಲಿ ಪೊಸಿಷನ್ನೇ ನಿಲ್ಲಿಸಿದ್ದನ್ನು ನೋಡಿದ್ದೇನೆ, ರಿಕ್ರೂಟರ್‌ಗೂ ಮೊದಲೇ ಗೊತ್ತಿರುವುದಿಲ್ಲ. "ಅಪ್ರೂವಲ್ ಆಗಿದೆ, ಲೆಟರ್ ಸಿದ್ಧವಾಗುತ್ತಿದೆ" ಅಂತಿದ್ದರೆ ನಾನು ನಂಬುತ್ತೇನೆ.

---

ವಕೀಲರ_ಮನೆ · ಬುಧವಾರ, ರಾತ್ರಿ 9:00

ನಾನು ನಂಬುವುದಿಲ್ಲ. ಕೈಯಲ್ಲಿ ಲೆಟರ್ ಇಲ್ಲದೆ ಇನ್ನೊಂದು ಲೆಟರ್ ಬಿಡಬಾರದು. ಅವರು ಹಿಂದೆ ಸರಿದರೆ ಆ ಮೇಲ್ ಹಿಡಿದುಕೊಂಡು ನೀವು ಎಲ್ಲಿಗೆ ಹೋಗುತ್ತೀರಿ? ಸೋಮವಾರ 12ಕ್ಕೆ ಲೆಟರ್ ಬರದಿದ್ದರೆ ಮೊದಲನೆಯದನ್ನು ಒಪ್ಪಿ, ಎರಡನೆಯವರಿಗೆ ವಿಷಯ ತಿಳಿಸಿ.

---

ಕೋರಮಂಗಲ_ಪ್ಯಾನೆಲ್ · ಬುಧವಾರ, ರಾತ್ರಿ 9:25

ಇವರು ಇನ್ನೂ ರಾಜೀನಾಮೆ ಕೊಟ್ಟಿಲ್ಲ ವಕೀಲರೇ. ಎರಡೂ ಕೈತಪ್ಪಿದರೂ ಈಗಿನ ಕೆಲಸ ಇದ್ದೇ ಇದೆ. ನೋಟಿಸ್‌ನಲ್ಲಿ ಇದ್ದಿದ್ದರೆ ನಿಮ್ಮ ಮಾತಿಗೆ ನಾನೂ ಹೂಂ ಅನ್ನುತ್ತಿದ್ದೆ.

---

ಮಂಡ್ಯದ_ಹೈದ · ಸೋಮವಾರ, ಮಧ್ಯಾಹ್ನ 1:20

ಶುಕ್ರವಾರ ಒಂದು ಮೇಲ್ ಬಂದಿತ್ತು, ಅದರಲ್ಲಿ "ಆಂತರಿಕ ಅಪ್ರೂವಲ್‌ಗೆ ಒಳಪಟ್ಟು" ಅಂತಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇವತ್ತು 12ಕ್ಕೆ ಮೊದಲ ಕಡೆ ಒಪ್ಪಿಗೆ ಕೊಡಬೇಕಾಗುತ್ತೆ ಅಂತ ನೇರವಾಗಿ ಬರೆದೆ. ಬೆಳಗ್ಗೆ 10:30ಕ್ಕೆ ಮ್ಯಾನೇಜರ್ ತಾವೇ ಫೋನ್ ಮಾಡಿ ಅಪ್ರೂವಲ್ ಆಯ್ತು ಅಂದರು. 11:15ಕ್ಕೆ ಎಚ್‌ಆರ್ ಮೇಲ್ ಬಂತು. ಹುದ್ದೆ, ಫಿಕ್ಸೆಡ್, ವೇರಿಯಬಲ್, ತಾರೀಖು ಎಲ್ಲ ಇದೆ, "ಒಳಪಟ್ಟು" ಅನ್ನುವ ಮಾತು ಇಲ್ಲ. ಲೆಟರ್ ನಾಳೆ.

ಮನೆಯಲ್ಲಿ ಮಾತಾಡಿ, 11:40ಕ್ಕೆ ಮೊದಲ ಕಂಪನಿಗೆ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳಿದೆ, ಮೇಲ್ ಕೂಡ ಹಾಕಿದೆ. ರಾಜೀನಾಮೆ ಇವತ್ತೇ ಕೊಡಲಾ?

---

ನೇಮಕಾತಿ_ಅಕ್ಕ · ಸೋಮವಾರ, ಮಧ್ಯಾಹ್ನ 1:45

ಬೇಡ. ಲೆಟರ್ ಬಂದು, ಇವತ್ತಿನ ಮೇಲ್‌ನ ಮೊತ್ತದ ಜೊತೆ ತಾಳೆ ನೋಡಿ, ಒಪ್ಪಿಗೆ ಕಳಿಸಿ, ಆಮೇಲೆ ರಾಜೀನಾಮೆ. ಒಪ್ಪಿದ ದಿನವೇ ಕೊಡುತ್ತೇನೆ ಅಂತ ನೀವು ಬರೆದಿದ್ದು, ಆ ದಿನ ನಾಳೆ.

---

ವಕೀಲರ_ಮನೆ · ಸೋಮವಾರ, ಮಧ್ಯಾಹ್ನ 2:10

ನಾನಾಗಿದ್ದರೆ ಮೊದಲನೆಯದನ್ನು ಇವತ್ತು ಬಿಡುತ್ತಿರಲಿಲ್ಲ, ಆ ಮಾತು ಈಗಲೂ ಹೇಳುತ್ತೇನೆ. ಲೆಟರ್ ಬಂದ ಕೂಡಲೇ ಇಲ್ಲಿ ಒಂದು ಸಾಲು ಹಾಕಿ ತಮ್ಮಾ, ನನಗೂ ಸಮಾಧಾನ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಬಗ್ಗೆ ಲೆಟರ್‌ನಲ್ಲಿ ಏನು ಷರತ್ತು ಹಾಕಿದ್ದಾರೆ ಅಂತಲೂ ನೋಡಿ.